ಜಾಗ ಬದಲಿಸುವ ಪಿಒಸಿ: ನಾನು ಸರಿಪಡಿಸಿಕೊಂಡ ಬಗೆ

ನಿಫ್ಟಿ ಫ್ಯೂಚರ್ಸ್‌ನಲ್ಲಿ ಅತಿ ಹೆಚ್ಚು ವಾಲ್ಯೂಮ್ ಆದ ಬೆಲೆ, ಅಂದರೆ ಪಿಒಸಿ, ಮುಟ್ಟಿದಾಗ ಖರೀದಿಸಿದರೆ ಮತ್ತೆ ಮತ್ತೆ ಸ್ಟಾಪ್‌ಲಾಸ್ ಹೊಡೆಯುತ್ತಿತ್ತು. ಚಾರ್ಟಿನಲ್ಲಿದ್ದದ್ದು ಅದೇ ದಿನದ ವಾಲ್ಯೂಮ್ ಪ್ರೊಫೈಲ್, ಅಂದರೆ ಯಾವ ಬೆಲೆಯಲ್ಲಿ ಎಷ್ಟು ವಾಲ್ಯೂಮ್ ಆಗಿದೆ ಎಂದು ತೋರಿಸುವ ಚಿತ್ರ. ವಹಿವಾಟು ಸೇರುತ್ತಾ ಹೋದಂತೆ ಪಿಒಸಿ ಜಾಗ ಬದಲಿಸುತ್ತದೆ. ಸಂಜೆ ನೋಡಿದರೆ ಪಿಒಸಿ ಗೆರೆ ಸರಿಯಾಗೇ ಕಾಣುತ್ತದೆ, ಹಾಗಾಗಿ ತಪ್ಪು ಬೇಗ ಗೊತ್ತಾಗುವುದಿಲ್ಲ.

ಈಗ ಹಿಂದಿನ ದಿನದ ಪೂರ್ತಿ ಪ್ರೊಫೈಲ್ ಮಾತ್ರ ಇಟ್ಟು, 70% ವಾಲ್ಯೂಮ್ ಇರುವ ವಲಯದ ಅಂಚುಗಳನ್ನು ಗುರುತಿಸುತ್ತೇನೆ. ಕೆಳಂಚು 24,740, ಪಿಒಸಿ 24,800 ಎಂದಿಟ್ಟುಕೊಳ್ಳಿ. ಬೆಲೆ 24,740ರ ಕೆಳಗಿಳಿದು, 5 ನಿಮಿಷದ ಕ್ಯಾಂಡಲ್ ಮತ್ತೆ ಅದರ ಮೇಲೆ ಮುಗಿದರೆ ಖರೀದಿ. ಸ್ಟಾಪ್‌ಲಾಸ್ ಆ ಇಳಿತದ ತಳದ ಕೆಳಗೆ, ಲಾಭ 24,800ರಲ್ಲಿ. ಪಿಒಸಿಯಲ್ಲಿ ಮಾತ್ರ ಪ್ರವೇಶ ಬೇಡ: ಅಲ್ಲಿ ಕೊಳ್ಳುವವರೂ ಮಾರುವವರೂ ಧಾರಾಳವಾಗಿ ಸಿಗುವುದರಿಂದ ಬೆಲೆ ಅಲ್ಲೇ ಹೊರಳಾಡುತ್ತದೆ. ವಲಯದಿಂದ ದೂರ ಗ್ಯಾಪ್ ಆಗಿ ತೆರೆದ ದಿನ ಬೆಲೆ ಈ ಗೆರೆಗಳ ಹತ್ತಿರಕ್ಕೂ ಬಾರದಿರಬಹುದು. ಅಂದು ಈ ವಿಧಾನ ಬಿಟ್ಟುಬಿಡುತ್ತೇನೆ.