ಸ್ಟಾಕ್ ಪಟ್ಟಿಯಲ್ಲಿ ಅಕ್ಕಿ ಎಷ್ಟು ಬಗೆ? COUNTIF ಬಳಸಿ ಎಣಿಸುವುದು ಹೀಗೆ

ದಿನಸಿ ಅಂಗಡಿಯ ಒಂದು ಸ್ಟಾಕ್ ಪಟ್ಟಿ ಎಕ್ಸೆಲ್‌ನಲ್ಲಿದೆ ಎಂದುಕೊಳ್ಳಿ. A2ರಿಂದ A11ರವರೆಗೆ ಸಾಮಾನಿನ ಹೆಸರು, ಪಕ್ಕದ B ಕಾಲಂನಲ್ಲಿ ಉಳಿದಿರುವ ಕೆಜಿ: ಸೋನಾ ಮಸೂರಿ ಅಕ್ಕಿ 75, ಕುಚ್ಚಲಕ್ಕಿ 40, ಅಕ್ಕಿ ಹಿಟ್ಟು 12, ಅವಲಕ್ಕಿ 8, ಏಲಕ್ಕಿ 1, ಇಡ್ಲಿ ಅಕ್ಕಿ 50, ತೊಗರಿಬೇಳೆ 30, ಕಡಲೆಬೇಳೆ 10, ನಂತರ ಒಂದು ಖಾಲಿ ಸಾಲು, ಕೊನೆಗೆ ಸಕ್ಕರೆ 25.

ಷರತ್ತಿನ ಜಾಗದಲ್ಲಿ ಬರೀ "ಅಕ್ಕಿ" ಎಂದು ಬರೆದರೆ ಉತ್ತರ 0. ಸೆಲ್‌ನಲ್ಲಿ ಆ ಪದ ಒಂದೇ ಇದ್ದರೆ ಮಾತ್ರ COUNTIF ಅದನ್ನು ಎಣಿಸುತ್ತದೆ. ಹಿಂದೆ ಮುಂದೆ ಬೇರೆ ಪದಗಳಿದ್ದರೂ ಪರವಾಗಿಲ್ಲ ಎನ್ನಲು ನಕ್ಷತ್ರ ಚಿಹ್ನೆ ಹಾಕಬೇಕು.

```
=COUNTIF(A2:A11,"*ಅಕ್ಕಿ*")
```

ಉತ್ತರ 3. ಮುಂದಿನ ನಕ್ಷತ್ರ ತೆಗೆದು "ಅಕ್ಕಿ*" ಎಂದರೆ ಅಕ್ಕಿ ಹಿಟ್ಟು ಒಂದೇ ಸಿಗುತ್ತದೆ. ಕೊನೆಯದನ್ನು ತೆಗೆದು "*ಅಕ್ಕಿ" ಎಂದರೆ ಸೋನಾ ಮಸೂರಿ, ಇಡ್ಲಿ ಅಕ್ಕಿ ಎರಡು. ಹಿಟ್ಟು ಬಿಟ್ಟುಹೋಗಿದ್ದು ಸರಿ, ಆದರೆ ಕುಚ್ಚಲಕ್ಕಿ ಎಲ್ಲಿ?

ಅದನ್ನು ನುಂಗಿದ್ದು ಸಂಧಿ. ಕುಚ್ಚಲಕ್ಕಿಯಲ್ಲಿ 'ಅ' ಅಕ್ಷರ ಕಾಣಿಸುವುದೇ ಇಲ್ಲ, ಅದು 'ಲ'ದೊಳಗೆ ಸೇರಿಕೊಂಡಿದೆ. ಎಕ್ಸೆಲ್ ನೋಡುವುದು ಟೈಪಾದ ಅಕ್ಷರಗಳನ್ನು, ವ್ಯಾಕರಣವನ್ನಲ್ಲ. ಹಾಗಾಗಿ ಸಂಧಿಯಲ್ಲಿ ಬದಲಾಗದೆ ಉಳಿಯುವ ತುಂಡನ್ನೇ ಹುಡುಕಬೇಕು: "*ಕ್ಕಿ". ಈಗ ಉತ್ತರ 5. ಕುಚ್ಚಲಕ್ಕಿ ಬಂತು, ಜೊತೆಗೆ ಅವಲಕ್ಕಿ, ಏಲಕ್ಕಿಯೂ ಬಂದವು. ಅವೆರಡನ್ನೂ ಹೊರಗಿಡಲು ಒಂದಕ್ಕಿಂತ ಹೆಚ್ಚು ಷರತ್ತು ಒಪ್ಪುವ COUNTIFS ಬೇಕು. "ಅಲ್ಲದ್ದು" ಎನ್ನುವುದಕ್ಕೆ ಚಿಹ್ನೆ <>.

```
=COUNTIFS(A2:A11,"*ಕ್ಕಿ",
A2:A11,"<>*ಅವಲಕ್ಕಿ*",
A2:A11,"<>*ಏಲಕ್ಕಿ*")
```

ಉತ್ತರ 3: ಸೋನಾ ಮಸೂರಿ, ಕುಚ್ಚಲಕ್ಕಿ, ಇಡ್ಲಿ ಅಕ್ಕಿ. ಹುರಿಗಡಲೆಗೂ ಇದೇ ತೊಡಕು. "*ಕಡಲೆ*" ಎಂದರೆ ಅದು ಸಿಗದು, "*ಡಲೆ*" ಎಂದರೆ ಸಿಗುತ್ತದೆ. ತುಂಡು ಚಿಕ್ಕದಾದಷ್ಟೂ ಬೇಡದ್ದು ನುಸುಳುತ್ತದೆ, ಆದ್ದರಿಂದ ಮೊದಲು ಫಿಲ್ಟರ್ ಹಾಕಿ ಯಾವುವು ಬರುತ್ತಿವೆ ಎಂದು ಕಣ್ಣಾರೆ ನೋಡಿಕೊಳ್ಳಿ.

<> ಒಂದನ್ನೇ ಬಳಸುವಾಗ ಇನ್ನೊಂದು ಎಚ್ಚರಿಕೆ. "<>*ಅಕ್ಕಿ*" ಎಂದು ಕೇಳಿದರೆ ಉತ್ತರ 7, ಏಕೆಂದರೆ ಖಾಲಿ ಸೆಲ್ ಕೂಡ "ಅಕ್ಕಿ ಅಲ್ಲದ್ದು". ಕನಿಷ್ಠ ಒಂದು ಅಕ್ಷರವಾದರೂ ಇರಲಿ ಎಂಬ "?*" ಷರತ್ತನ್ನು ಸೇರಿಸಿದರೆ 6 ಆಗುತ್ತದೆ.

```
=COUNTIFS(A2:A11,"?*",A2:A11,"<>*ಅಕ್ಕಿ*")
```

ಪ್ರಶ್ನಾರ್ಥಕ ಚಿಹ್ನೆ ನಿಲ್ಲುವುದು ಒಂದೇ ಒಂದು ಅಕ್ಷರಕ್ಕೆ. ಇಂಗ್ಲಿಷ್ ಕೋಡ್‌ಗಳಿಗೆ ಇದು ಚೆನ್ನ. ಕನ್ನಡಕ್ಕೆ ನಂಬಬೇಡಿ: ನಮಗೆ ಎರಡು ಅಕ್ಷರದ 'ಅಕ್ಕಿ' ಎಕ್ಸೆಲ್‌ಗೆ ಐದು, LEN ಹಾಕಿ ನೋಡಿದರೆ ಗೊತ್ತಾಗುತ್ತದೆ. ಒತ್ತಕ್ಷರ, ಗುಣಿತ ಎಲ್ಲವೂ ಅದಕ್ಕೆ ಬೇರೆ ಬೇರೆ. ಹೆಸರಿನಲ್ಲೇ ನಿಜವಾದ ? ಅಥವಾ * ಇದ್ದು ಅದನ್ನೇ ಹುಡುಕಬೇಕಾದರೆ ಮುಂದೆ ~ ಹಾಕಿ: "*~?*".

ಈಗ B ಕಾಲಂ. 10 ಕೆಜಿ ಅಥವಾ ಅದಕ್ಕಿಂತ ಕಡಿಮೆ ಉಳಿದವು ಎಷ್ಟು? ಮಿತಿಯನ್ನು E1ರಲ್ಲಿ ಬರೆದು ಹೀಗೆ ಕೇಳಿ:

```
=COUNTIF(B2:B11,"<="&E1)
```

E1ರಲ್ಲಿ 10 ಇದ್ದರೆ ಉತ್ತರ 3. ಖಾಲಿ ಸೆಲ್ ಇಲ್ಲಿ ಎಣಿಕೆಗೆ ಬರುವುದಿಲ್ಲ. ಹೆಚ್ಚಿನವರು ಎಡವುವುದು ಉದ್ಧರಣ ಚಿಹ್ನೆಯಲ್ಲಿ. "<=E1" ಎಂದು ಎಲ್ಲವನ್ನೂ ಒಳಗೆ ಸೇರಿಸಿದರೆ E1 ಎಂಬುದು ಸೆಲ್ ಆಗದೆ ಬರೀ ಪಠ್ಯವಾಗಿ, ಉತ್ತರ 0 ಬರುತ್ತದೆ. ಚಿಹ್ನೆ ಮಾತ್ರ ಉದ್ಧರಣದೊಳಗೆ, ಸೆಲ್ ಹೊರಗೆ, ನಡುವೆ &.

ಸೂತ್ರ ಸರಿಯಿದ್ದೂ ಎಣಿಕೆ ಕಡಿಮೆ ಬಂದರೆ B ಕಾಲಂನಲ್ಲಿ ಯಾವುದಾದರೂ ಅಂಕಿ ಎಡಕ್ಕೆ ಅಂಟಿಕೊಂಡಿದೆಯೇ ನೋಡಿ. "8 ಕೆಜಿ" ಎಂದು ಟೈಪ್ ಮಾಡಿದ್ದರೆ ಅದು ಪಠ್ಯ, ಹೋಲಿಕೆಗೆ ಸಿಗದು. ಬರೀ 8 ಬರೆದು, Ctrl+1 ಒತ್ತಿ, Custom ಜಾಗದಲ್ಲಿ ಹೀಗೆ ಕೊಡಿ:

```
0" ಕೆಜಿ"
```

ಕಾಣಲು 8 ಕೆಜಿ, ಒಳಗೆ ಸಂಖ್ಯೆಯೇ. ಇದರ ಉಲ್ಟಾ ಕೂಡ ನಿಜ: ಸಂಖ್ಯೆಗಳಾಗಿ ಇರುವ ಫೋನ್ ನಂಬರುಗಳ ಮೇಲೆ "98*" ಎಂದರೆ 0 ಬರುತ್ತದೆ, ನಕ್ಷತ್ರ ಪಠ್ಯಕ್ಕೆ ಮಾತ್ರ.

A ಕಾಲಂನಲ್ಲಿ ಎಲ್ಲವೂ 0 ಬಂದರೆ ಹಳೆಯ ನುಡಿ ಫಾಂಟ್‌ನ ಫೈಲ್ ಇರಬಹುದು. ಒಂದು ಸೆಲ್‌ನ ಫಾಂಟನ್ನು Arial ಮಾಡಿ ನೋಡಿ. ಕನ್ನಡ ಹೋಗಿ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಂಡರೆ, ಯೂನಿಕೋಡ್‌ಗೆ ಬದಲಿಸುವವರೆಗೆ ನೀವು ಟೈಪಿಸುವ 'ಅಕ್ಕಿ' ಅಲ್ಲಿ ಸಿಗುವುದಿಲ್ಲ. ಕೆಲವು ಸಾಲು ಮಾತ್ರ ತಪ್ಪಿದ್ದರೆ ಹೆಸರಿನ ಕೊನೆಯಲ್ಲಿ ಉಳಿದ ಸ್ಪೇಸ್ ಕಾರಣವಿರುತ್ತದೆ. "*ಕ್ಕಿ" ಅದನ್ನು ದಾಟಲಾರದು, TRIM ಹಾಕಿದರೆ ಸರಿಹೋಗುತ್ತದೆ.