ಫ್ರಂಟ್ ಲೋಡ್ ವಾಷಿಂಗ್ ಮಷೀನ್: ಬೋಲ್ಟ್ ಬಿಚ್ಚಿ, ಮಟ್ಟ ಮಾಡಿ, ಆಮೇಲೆ ಒಗೆಯಿರಿ

ಹೊಸ ಫ್ರಂಟ್ ಲೋಡ್ ಮಷೀನ್ ಮೊದಲ ದಿನವೇ ಗಡಗಡ ನಡುಗಿ ಜಾಗ ಬಿಟ್ಟು ಮುಂದೆ ಬಂದರೆ, ಹೆಚ್ಚಿನ ಸಲ ದೋಷ ಮಷೀನಿನದಲ್ಲ. ಹಿಂದಿನ ಬೋಲ್ಟ್ ಬಿಚ್ಚಿರುವುದಿಲ್ಲ, ಇಲ್ಲವೇ ಕಾಲುಗಳನ್ನು ಅರ್ಧಂಬರ್ಧ ತಿರುಗಿಸಿ ಬಿಟ್ಟಿರುತ್ತಾರೆ. ಅಂಗಡಿಯವರು ಮಷೀನ್ ಇಳಿಸಿ ಹೋಗುತ್ತಾರೆ, ಕಂಪನಿಯ ಹುಡುಗ ಬರುವುದು ಎರಡು ದಿನ ಬಿಟ್ಟು. ಅಲ್ಲಿಯವರೆಗೆ ಕಾಯಲಾರದೆ ಪ್ಲಗ್ ಹಾಕಿಬಿಡುವುದೇ ಎಡವಟ್ಟು.

ಒಳಗಿನ ಟಬ್ ಮೇಲಿನ ಸ್ಪ್ರಿಂಗ್‌ಗಳಿಗೆ ಜೋತುಬಿದ್ದಿರುತ್ತದೆ, ಕೆಳಗಿನಿಂದ ಡ್ಯಾಂಪರ್‌ಗಳು ಅದರ ಕುಲುಕಾಟವನ್ನು ತಡೆಯುತ್ತವೆ. ಲಾರಿಯಲ್ಲಿ ಬರುವಾಗ ಈ ಭಾರದ ಟಬ್ ಓಲಾಡಿ ಹಾಳಾಗಬಾರದೆಂದು ಅದನ್ನು ಹಿಂಬದಿಯ ತಗಡಿಗೆ ಬೋಲ್ಟ್ ಹಾಕಿ ಕಟ್ಟಿರುತ್ತಾರೆ. ಬೋಲ್ಟ್ ಹಾಗೇ ಇದ್ದರೆ ಸ್ಪ್ರಿಂಗ್, ಡ್ಯಾಂಪರ್ ಎರಡೂ ಇದ್ದೂ ಇಲ್ಲದಂತೆ. 1200 ಸುತ್ತಿನ ಸ್ಪಿನ್ ಎಂದರೆ ಸೆಕೆಂಡಿಗೆ 20 ಸುತ್ತು. ಆ ಹೊಡೆತವೆಲ್ಲ ನೇರವಾಗಿ ಹೊರಗಿನ ಪೆಟ್ಟಿಗೆಗೆ ಬೀಳುತ್ತದೆ. ಒಂದೇ ಒಗೆತಕ್ಕೆ ಟಬ್ಬಿಗೂ ಬೇರಿಂಗಿಗೂ ಪೆಟ್ಟಾಗಬಹುದು.

ಮೊದಲು ಪ್ಯಾಕಿಂಗ್ ತೆಗೆಯಿರಿ. ಕೆಲವು ಮಾಡೆಲ್‌ಗಳಲ್ಲಿ ತಳದಲ್ಲೂ ಒಂದು ಥರ್ಮಾಕೋಲ್ ದಿಮ್ಮಿ ಟಬ್ಬಿಗೆ ಒತ್ತಿಕೊಂಡಿರುತ್ತದೆ. ಇಬ್ಬರು ಸೇರಿ ಮಷೀನನ್ನು ತುಸು ಹಿಂದಕ್ಕೆ ವಾಲಿಸಿ ಅದನ್ನು ಎಳೆದುಬಿಡಿ. ಬಾಗಿಲು ಹಿಡಿದು ಎತ್ತಬೇಡಿ.

ಬೋಲ್ಟ್ ಬಿಚ್ಚುವ ಮುನ್ನ ಮಷೀನನ್ನು ಇಡುವ ಜಾಗದ ಹತ್ತಿರಕ್ಕೆ ತಂದು, ಗೋಡೆಯಿಂದ ಎರಡು ಅಡಿ ಮುಂದೆ ನಿಲ್ಲಿಸಿ. ಬಿಚ್ಚಿದ ಮೇಲೆ ಹೊತ್ತು ತಿರುಗಿದರೆ ಟಬ್ ಒಳಗೇ ಬಡಿದುಕೊಳ್ಳುತ್ತದೆ. ಹಿಂಬದಿಯಲ್ಲಿ ಸಾಮಾನ್ಯವಾಗಿ ನಾಲ್ಕು ಬೋಲ್ಟ್ ಇರುತ್ತವೆ, ಕೆಲವಕ್ಕೆ ಮೂರು. ಎಷ್ಟಿವೆ ಎಂದು ಕೈಪಿಡಿಯಲ್ಲಿ ನೋಡಿಕೊಂಡೇ ಶುರುಮಾಡಿ. ಸ್ಪ್ಯಾನರ್ ಹೆಚ್ಚಾಗಿ ಪೆಟ್ಟಿಗೆಯಲ್ಲೇ ಬರುತ್ತದೆ. ಇಲ್ಲದಿದ್ದರೆ ಬೋಲ್ಟಿನ ತಲೆ ನೋಡಿ 10, 12 ಅಥವಾ 13 ಮಿ.ಮೀ. ತನ್ನಿ. ಕಟ್ಟಿಂಗ್ ಪ್ಲೇಯರ್ ಹಿಡಿದು ತಿರುಗಿಸಿದರೆ ತಲೆಯ ಮೂಲೆ ಸವೆದು, ಆಮೇಲೆ ಯಾವ ಸ್ಪ್ಯಾನರಿಗೂ ಸಿಗುವುದಿಲ್ಲ.

ಬೋಲ್ಟಿನ ಜೊತೆಗೆ ಒಂದು ಪ್ಲಾಸ್ಟಿಕ್ ಕೊಳವೆಯೂ ರಬ್ಬರ್ ಬುಷ್ಷೂ ಹೊರಬರಬೇಕು. ಬೋಲ್ಟನ್ನು ಪೂರ್ತಿ ಬಿಚ್ಚಿ ಅದೊಂದನ್ನೇ ಎಳೆದರೆ ಕೊಳವೆ ಒಳಗೆ ಉಳಿದುಬಿಡುತ್ತದೆ, ಒಮ್ಮೊಮ್ಮೆ ಟಬ್ಬಿನ ಹಿಂದೆ ಬೀಳುತ್ತದೆ. ಬಿದ್ದರೆ ಹಿಂಬದಿಯ ತಗಡು ಬಿಚ್ಚಿಯೇ ತೆಗೆಯಬೇಕು. ಆದ್ದರಿಂದ ಬೋಲ್ಟ್ ಸುಮಾರು 3 ಸೆಂ.ಮೀ. ಹೊರಬಂದ ಮೇಲೆ ನಿಲ್ಲಿಸಿ, ಅದನ್ನೇ ಹಿಡಿದು ತುಸು ಅಲ್ಲಾಡಿಸುತ್ತಾ ಬುಷ್ಷು, ಕೊಳವೆ ಸಮೇತ ಎಳೆಯಿರಿ. ಎಲ್ಲವೂ ಹೊರಬಂದವೇ ಎಂದು ಒಂದರ ಪಕ್ಕ ಒಂದಿಟ್ಟು ಎಣಿಸಿ. ಬಾಗಿಲು ತೆರೆದು ಡ್ರಮ್ಮನ್ನು ಕೈಯಿಂದ ಮೇಲಕ್ಕೆತ್ತಿ ನೋಡಿದರೆ ಈಗ ಅದು ಸಲೀಸಾಗಿ ಓಲಾಡಬೇಕು. ತೂತುಗಳಿಗೆ ಕೊಟ್ಟಿರುವ ಮುಚ್ಚಳ ಹಾಕಿ, ಇಲ್ಲದಿದ್ದರೆ ಜಿರಲೆ, ಇಲಿ ಒಳಗೆ ಸಂಸಾರ ಹೂಡುತ್ತವೆ. ಬೋಲ್ಟ್‌ಗಳನ್ನು ಗುಜರಿಗೆ ಹಾಕಬೇಡಿ. ಬಾಡಿಗೆ ಮನೆ ಬದಲಿಸುವಾಗ ಮತ್ತೆ ಹಾಕಲೇಬೇಕು.

ಇನ್ನು ನಿಜವಾದ ಕೆಲಸ, ಮಟ್ಟ. ನಮ್ಮ ಮನೆಗಳ ಯುಟಿಲಿಟಿಯಲ್ಲೂ ಬಚ್ಚಲಲ್ಲೂ ನೀರು ಹರಿಯಲೆಂದು ಮೇಸ್ತ್ರಿ ಜಾಲರಿಯ ಕಡೆಗೆ ವಾಟ ಕೊಟ್ಟಿರುತ್ತಾನೆ. ಅಲ್ಲಿ ಮಷೀನ್ ಇಟ್ಟ ಕೂಡಲೇ ಒಂದು ಕಡೆ ವಾಲುವುದು ಸಹಜ. ಬಹುತೇಕರು ಮಷೀನನ್ನು ಗೋಡೆಗೆ ತಳ್ಳಿ, ಮುಂದಿನ ಎರಡು ಕಾಲು ತಿರುಗಿಸಿ ಮುಗಿಸುತ್ತಾರೆ. ವಾಟ ಮುಂಭಾಗಕ್ಕಿದ್ದರೆ ಅಷ್ಟೇ ಸಾಕಾಗಬಹುದು. ಗೋಡೆಯ ಕಡೆಗಿದ್ದರೆ ಹಿಂಬದಿಯನ್ನೇ ಎತ್ತಬೇಕು, ಆಗ ಹಿಂದಿನ ಕಾಲುಗಳು ಕೈಗೆಟುಕುವುದಿಲ್ಲ.

ಅದಕ್ಕೇ ತಳ್ಳುವ ಮೊದಲು ನೆಲ ಅಳೆಯಿರಿ. ಬೇಕಾಗುವುದು 60 ಸೆಂ.ಮೀ. ಉದ್ದದ ನೇರ ಪಟ್ಟಿ, ಒಂದು ರಸಮಟ್ಟ. ಮೊಬೈಲ್ ಆ್ಯಪ್ ನನ್ನ ಪ್ರಕಾರ ಬೇಡ, ಹಿಂದಿನ ಕ್ಯಾಮೆರಾದ ಉಬ್ಬೇ ಲೆಕ್ಕ ಕೆಡಿಸುತ್ತದೆ. ಪಟ್ಟಿಯನ್ನು ಮುಂದಿನಿಂದ ಗೋಡೆಯ ಕಡೆಗೆ ಮಲಗಿಸಿ ಅದರ ಮೇಲೆ ರಸಮಟ್ಟ ಇಡಿ. ತಗ್ಗಿನ ತುದಿಯನ್ನು ಗುಳ್ಳೆ ನಡುವಿಗೆ ಬರುವವರೆಗೆ ಎತ್ತಿ, ಕೆಳಗಿನ ಸಂದು ಅಳೆಯಿರಿ. ಗೋಡೆಯ ಕಡೆ 9 ಮಿ.ಮೀ. ಸಂದು ಬಂತು ಎನ್ನಿ. ಕಾಲಿನ ತಿರುಪಿನ ಮರೆ ಒಂದು ಸುತ್ತಿಗೆ ಸುಮಾರು 1.5 ಮಿ.ಮೀ. ಇಳಿಯುತ್ತಿದ್ದರೆ ಹಿಂದಿನ ಎರಡೂ ಕಾಲನ್ನು ಆರಾರು ಸುತ್ತು ಹೊರಕ್ಕೆ ಇಳಿಸಬೇಕು. ನಿಮ್ಮ ಮಷೀನಿನ ಮರೆ ಬೇರೆ ಇರಬಹುದು, ನಾಲ್ಕು ಸುತ್ತು ತಿರುಗಿಸಿ ಸ್ಕೇಲಿನಲ್ಲಿ ಅಳೆದು ಭಾಗಿಸಿಕೊಳ್ಳಿ. ಯಾವ ದಿಕ್ಕಿಗೆ ತಿರುಗಿಸಬೇಕೆಂದು ತಲೆ ಕೆಡಿಸಿಕೊಳ್ಳಬೇಡಿ: ಕಾಲು ಹೊರಬಂದರೆ ಮಷೀನ್ ಏರುತ್ತದೆ, ಒಳಹೋದರೆ ಇಳಿಯುತ್ತದೆ. ಹೊರಕ್ಕೆ ಇಳಿಸಲೇಬೇಕಾದ ಕಾಲುಗಳನ್ನು ಬಿಟ್ಟು ಉಳಿದವನ್ನು ಪೂರ್ತಿ ಒಳಗೇ ಇಡಿ. ಕಾಲು ಉದ್ದವಾದಷ್ಟೂ ನಡುಕ ಹೆಚ್ಚು. ಹಿಂದಿನ ಕಾಲುಗಳು ತಿರುಗದಂತೆ ಹಿಡಿಯುವ ಲಾಕ್ ನಟ್‌ಗಳನ್ನು ಈಗಲೇ ಮೇಲಕ್ಕೆ ಬಿಗಿ ಮಾಡಿ, ಪೈಪುಗಳನ್ನು ಜೋಡಿಸಿ, ಮಷೀನನ್ನು ಜಾಗಕ್ಕೆ ಸೇರಿಸಿ.

ಈಗ ರಸಮಟ್ಟ ಮಷೀನಿನ ತಲೆಯ ಮೇಲೆ. ಎಡ-ಬಲ, ಹಿಂದೆ-ಮುಂದೆ ಎರಡೂ ನೋಡಿ, ಉಳಿದ ವ್ಯತ್ಯಾಸವನ್ನು ಮುಂದಿನ ಕಾಲುಗಳಿಂದ ಸರಿಪಡಿಸಿ. ಗುಳ್ಳೆ ನಡುವಿಗೆ ಬಂತೆಂದು ಎದ್ದುಬಿಡಬೇಡಿ. ಮೂರೇ ಕಾಲಿನ ಮೇಲೆ ನಿಂತರೂ ಮಷೀನ್ ಮಟ್ಟವಾಗಿಯೇ ಕಾಣುತ್ತದೆ, ನಾಲ್ಕನೆಯದು ನೆಲಕ್ಕೆ ಸುಮ್ಮನೆ ತಾಗಿರುತ್ತದೆ. ಹೊತ್ತುಗೊತ್ತಿಲ್ಲದೆ ಜಿಗಿಯುವ ಮಷೀನುಗಳಲ್ಲಿ ಇದೇ ಕಾರಣ ಮತ್ತೆ ಮತ್ತೆ ಸಿಗುತ್ತದೆ. ಓರೆಯಾಗಿ ಎದುರುಬದುರಿರುವ ಮೂಲೆಗಳ ಮೇಲೆ ಒಂದೊಂದು ಅಂಗೈ ಇಟ್ಟು ಒಂದಾದ ಮೇಲೊಂದು ಒತ್ತಿ, ಆಮೇಲೆ ಇನ್ನೊಂದು ಜೋಡಿ. ಎಲ್ಲಾದರೂ ಟಕ್ ಎಂದರೆ ಮುಂದಿನ ಎರಡೂ ಕಾಲಿನಡಿ ಕಾಗದದ ಚೂರು ತೂರಿಸಿ ನೋಡಿ. ಸುಲಭವಾಗಿ ಜಾರಿ ಬರುವ ಕಡೆಯ ಕಾಲನ್ನು ಕಾಗದ ಕಚ್ಚಿಕೊಳ್ಳುವವರೆಗೆ ಇಳಿಸಿ. ಎರಡೂ ಕಡೆ ಕಾಗದ ಬಿಗಿಯಾಗಿದ್ದು ಅಲುಗಾಟ ನಿಲ್ಲದಿದ್ದರೆ ಹಿಂದಿನದೇ ಗಾಳಿಯಲ್ಲಿದೆ. ಮುಂದಕ್ಕೆಳೆದು ಅರ್ಧ ಸುತ್ತು ತಿದ್ದಬೇಕು.

ಕೊನೆಗೆ ಮುಂದಿನ ಲಾಕ್ ನಟ್. ಅದು ಕಾಲಿನ ಕಡೆಗಲ್ಲ, ಮೇಲಕ್ಕೆ, ಮಷೀನಿನ ತಳಕ್ಕೆ ಒತ್ತುವಂತೆ ಬಿಗಿಯಬೇಕು. ಬಿಗಿಯುವಾಗ ಕಾಲು ತಿರುಗದಂತೆ ಇನ್ನೊಂದು ಕೈಯಲ್ಲಿ ಹಿಡಿದಿರಿ. ಇದನ್ನು ಬಿಟ್ಟರೆ ನಡುಕಕ್ಕೆ ಕಾಲು ತಾನಾಗಿ ತಿರುಗಿ, ಕೆಲವೇ ವಾರದಲ್ಲಿ ಮಟ್ಟ ಕೆಡುತ್ತದೆ.

ಅಂಗಡಿಯವರು ಜೊತೆಗೆ ಮಾರುವ ಚಕ್ರದ ಸ್ಟ್ಯಾಂಡ್ ಫ್ರಂಟ್ ಲೋಡಿಗೆ ಬೇಡವೇ ಬೇಡ. ಇಷ್ಟು ಕಷ್ಟಪಟ್ಟು ಗಟ್ಟಿ ನೆಲಕ್ಕೆ ಕೂರಿಸಿದ್ದನ್ನು ತಗಡಿನ ಚೌಕಟ್ಟಿನ ಮೇಲೆ ತೂಗಿಬಿಟ್ಟಂತೆ. ರಬ್ಬರ್ ಪ್ಯಾಡ್ ನುಣುಪು ಟೈಲ್ಸ್ ಮೇಲೆ ಜಾರದಂತೆ ತಡೆಯುತ್ತದೆ, ಆದರೆ ತಪ್ಪಿದ ಮಟ್ಟವನ್ನು ಸರಿಮಾಡುವುದಿಲ್ಲ. ಹಾಕುವುದಿದ್ದರೆ ಮಟ್ಟ ನೋಡುವ ಮೊದಲೇ ಹಾಕಿ.

ಮೊದಲ ಸಲ ಬಟ್ಟೆಯಿಲ್ಲದೆ, ತುಸು ಪುಡಿ ಹಾಕಿ, 60 ಡಿಗ್ರಿಯ ಕಾಟನ್ ಪ್ರೋಗ್ರಾಂ ಓಡಿಸಿ. ಸ್ಪಿನ್ ವೇಗ ಹಿಡಿಯುವಾಗ ಪಕ್ಕದಲ್ಲೇ ನಿಂತು ಮೇಲೆ ಕೈ ಇಡಿ: ಸಣ್ಣ ಕಂಪನ ಸರಿ, ಕಾಲು ನೆಲಕ್ಕೆ ಬಡಿಯುವ ಸದ್ದು ಬಂದರೆ ನಿಲ್ಲಿಸಿ ಮತ್ತೆ ಮೂಲೆ ಒತ್ತಿ ನೋಡಿ. ಖಾಲಿ ಓಡುವಾಗ ಸುಮ್ಮನಿದ್ದ ಮಷೀನ್ ಮರುದಿನ ಒಂದೇ ಒಂದು ದಪ್ಪ ಬೆಡ್‌ಶೀಟಿಗೆ ಕುಣಿದರೆ ಕಾಲುಗಳನ್ನು ಮುಟ್ಟಬೇಡಿ. ಒದ್ದೆ ಬಟ್ಟೆ ಉಂಡೆಯಾಗಿ ಒಂದೇ ಕಡೆ ಕೂತಿದೆ. ಎಲ್‌ಜಿ ಮಷೀನುಗಳಲ್ಲಿ ಆಗ UE ಎಂದು ತೋರಿಸುತ್ತದೆ. ಜೊತೆಗೆ ಎರಡು ಟವೆಲ್ ಹಾಕಿ, ಬಿಡಿಸಿ ಹರಡಿ, ಸ್ಪಿನ್ ಮತ್ತೆ ಕೊಡಿ.