ಸಾಂಬಾರಿಗೆ ಉಪ್ಪು, ಹುಳಿ, ಖಾರ ಹೆಚ್ಚಾದರೆ ಸರಿಪಡಿಸುವುದು ಹೇಗೆ?

ಒಲೆಯ ಮೇಲೆ ಸಾಂಬಾರ್ ಕುದಿಯುತ್ತಿದೆ, ಸೌಟಿನಲ್ಲಿ ಸ್ವಲ್ಪ ತೆಗೆದು ನಾಲಿಗೆಗಿಟ್ಟರೆ ಉಪ್ಪು ಹೊಡೆಯುತ್ತದೆ. ಕೈಗೆ ಸಿಕ್ಕಿದ್ದನ್ನು ಪಾತ್ರೆಗೆ ಸುರಿಯುವ ಮೊದಲು ಒಲೆ ಆರಿಸಿ. ಕುದಿಯುತ್ತಿದ್ದಷ್ಟೂ ನೀರು ಆವಿಯಾಗಿ ಹೋಗುತ್ತದೆ, ಉಪ್ಪು ಮಾತ್ರ ಅಲ್ಲೇ ಉಳಿಯುತ್ತದೆ. ಹಾಗಾಗಿ ಯೋಚಿಸುತ್ತ ನಿಂತ ಐದು ನಿಮಿಷದಲ್ಲೇ ಸಾಂಬಾರ್ ಇನ್ನಷ್ಟು ಉಪ್ಪಾಗಿರುತ್ತದೆ.

ಮೊದಲು ನಿಜವಾಗಿಯೂ ಉಪ್ಪು ಹೆಚ್ಚಾಗಿದೆಯೇ ಎಂದು ನೋಡಬೇಕು. ಸಾಂಬಾರನ್ನು ಬರೀ ಬಾಯಿಗೆ ಹಾಕಿಕೊಂಡು ತೀರ್ಮಾನಿಸಬೇಡಿ. ಅದು ಉಪ್ಪಿಲ್ಲದ ಅನ್ನದ ಜೊತೆ ಹೋಗುವ ಪದಾರ್ಥವಾದ್ದರಿಂದ ಬರಿದೇ ನೆಕ್ಕಿದಾಗ ತುಸು ಮುಂದಾಗಿಯೇ ಇರಬೇಕು. ಎರಡು ಚಮಚ ಸಾಂಬಾರನ್ನು ತಟ್ಟೆಗೆ ಹಾಕಿ, ಬಿಸಿ ಆರಲು ಬಿಟ್ಟು, ಒಂದು ತುತ್ತು ಅನ್ನಕ್ಕೆ ಕಲಸಿ ತಿಂದು ನೋಡಿ. ಆಗಲೂ ಉಪ್ಪೆನಿಸಿದರೆ ಮಾತ್ರ ಮುಂದಿನ ಕೆಲಸ.

ಆಲೂಗಡ್ಡೆ ಉಪ್ಪನ್ನು ಹೀರುವುದಿಲ್ಲ

ಒಂದು ಆಲೂಗಡ್ಡೆ ಹಾಕಿದರೆ ಉಪ್ಪೆಲ್ಲ ಎಳೆದುಕೊಳ್ಳುತ್ತದೆ ಎಂಬ ಸಲಹೆ ಎಲ್ಲ ಮನೆಗಳಲ್ಲೂ ಸಿಗುತ್ತದೆ. ಆಲೂಗಡ್ಡೆ ಹೀರುವುದು ಉಪ್ಪುನೀರನ್ನು, ಬರೀ ಉಪ್ಪನ್ನಲ್ಲ. ಪಾತ್ರೆಯಲ್ಲಿ ಉಳಿದ ರಸ ಮೊದಲಿನಷ್ಟೇ ಉಪ್ಪಾಗಿರುತ್ತದೆ. ಹಾಕಿದ ಆಲೂಗಡ್ಡೆಯನ್ನು ಸಾಂಬಾರಿನ ಜೊತೆಗೇ ತಿಂದರೆ ಬಾಯಿಗೆ ಸ್ವಲ್ಪ ಸಮಾಧಾನ, ಅಷ್ಟೆ. ಇನ್ನೊಂದು ತೊಡಕೂ ಇದೆ: ಹುಣಸೆರಸ ಬಿದ್ದ ಸಾಂಬಾರಿನಲ್ಲಿ ಹಸಿ ಆಲೂಗಡ್ಡೆ ಬೇಗ ಬೇಯುವುದಿಲ್ಲ, ಹುಳಿ ಅದನ್ನು ಗಟ್ಟಿಯಾಗಿಯೇ ಇಡುತ್ತದೆ. ಹಾಕಲೇಬೇಕೆಂದಿದ್ದರೆ ಬೇರೆ ಪಾತ್ರೆಯಲ್ಲಿ ಉಪ್ಪಿಲ್ಲದೆ ಬೇಯಿಸಿ ಹಾಕಿ.

ಕರಗಿದ ಉಪ್ಪನ್ನು ಇಲ್ಲವಾಗಿಸುವ ಪದಾರ್ಥ ಅಡುಗೆಮನೆಯಲ್ಲಿಲ್ಲ. ಇರುವುದು ಎರಡೇ ದಾರಿ: ಉಪ್ಪಾದ ರಸವನ್ನು ಸ್ವಲ್ಪ ಹೊರಗೆ ತೆಗೆಯುವುದು, ಉಪ್ಪಿಲ್ಲದ್ದನ್ನು ಒಳಗೆ ಸೇರಿಸುವುದು. ಎರಡನ್ನೂ ಒಟ್ಟಿಗೆ ಮಾಡಿದರೆ ಸಾಂಬಾರಿನ ಅಳತೆ ಬದಲಾಗುವುದಿಲ್ಲ.

ನಾಲ್ಕು ಜನರಿಗೆ ಮಾಡಿದ ಒಂದು ಲೀಟರ್ ಸಾಂಬಾರನ್ನೇ ತೆಗೆದುಕೊಳ್ಳಿ. ಅದಕ್ಕೆ ಸುಮಾರು 10 ಗ್ರಾಂ, ಅಂದರೆ ಒಂದೂವರೆ ಟೀ ಚಮಚದಷ್ಟು ಪುಡಿ ಉಪ್ಪು ಸಾಕು. ಮರೆತು ಇನ್ನೊಂದು ಚಮಚ ಬಿದ್ದರೆ ಅದು 15 ಗ್ರಾಂ ದಾಟುತ್ತದೆ. ಬರೀ ನೀರು ಬೆರೆಸಿ ಸರಿಮಾಡಲು ಹೊರಟರೆ ಅರ್ಧ ಲೀಟರ್‌ಗೂ ಹೆಚ್ಚು ಬೇಕು, ಸಾಂಬಾರ್ ಸಾರಿನಂತೆ ತೆಳ್ಳಗಾಗುತ್ತದೆ. ಅದರ ಬದಲು ಹೀಗೆ ಮಾಡಿ:

1. ಹೋಳುಗಳನ್ನು ಬಿಟ್ಟು, ಬರೀ ರಸವನ್ನು ಮೂರನೇ ಒಂದು ಪಾಲು, ಅಂದರೆ ಒಂದೂವರೆ ಲೋಟದಷ್ಟು ತೆಗೆದಿಡಿ. ಅದರ ಜೊತೆ ಸುಮಾರು 5 ಗ್ರಾಂ ಉಪ್ಪೂ ಹೊರಗೆ ಬಂತು.

2. ಕಾಲು ಕಪ್ ತೊಗರಿಬೇಳೆಯನ್ನು ಉಪ್ಪು ಹಾಕದೆ, ಒಂದು ಕಪ್ ನೀರಿನಲ್ಲಿ ಕುಕ್ಕರಿನಲ್ಲಿ ಮೆತ್ತಗೆ ಬೇಯಿಸಿ, ಕಡೆಯಿರಿ. ಬೇಳೆಯನ್ನು ನೇರವಾಗಿ ಸಾಂಬಾರಿಗೆ ಹಾಕಿ ಬೇಯಿಸಲು ಹೋಗಬೇಡಿ. ಹುಳಿಯಲ್ಲಿ ಅದೂ ಬೇಯುವುದಿಲ್ಲ.

3. ರಸದ ಜೊತೆ ಮಸಾಲೆಯೂ ಹೊರಗೆ ಹೋಗಿದೆ. ಎರಡು ದೊಡ್ಡ ಚಮಚ ತೆಂಗಿನ ತುರಿಗೆ ಒಂದು ಟೀ ಚಮಚ ಸಾಂಬಾರ್ ಪುಡಿ ಸೇರಿಸಿ ರುಬ್ಬಿ ಹಾಕಿ. ಅಂಗಡಿಯ ಪುಡಿಯಾದರೆ ಪೊಟ್ಟಣ ತಿರುಗಿಸಿ ನೋಡಿ. ಕೆಲವದರಲ್ಲಿ ಉಪ್ಪು ಮೊದಲೇ ಬೆರೆತಿರುತ್ತದೆ, ಬಹಳ ಸಲ ಸಾಂಬಾರ್ ಕೆಡುವುದು ಅಲ್ಲಿಂದಲೇ.

4. ಬೇಳೆ, ಮಸಾಲೆ ಸೇರಿಸಿ, ಬೇಕಾದಷ್ಟು ಬಿಸಿನೀರು ಹಾಕಿ ಒಂದು ಕುದಿ ಬರಿಸಿ ಇಳಿಸಿ. ಹತ್ತು ನಿಮಿಷ ಮುಚ್ಚಿಡಿ, ಆಮೇಲೆ ರುಚಿ ನೋಡಿ.

ಕೊನೆಯ ಹತ್ತು ನಿಮಿಷವನ್ನು ಬಿಡಬೇಡಿ. ಬದನೆ, ನುಗ್ಗೆಯ ಹೋಳುಗಳು ಆಗಲೇ ಉಪ್ಪು ಕುಡಿದಿರುತ್ತವೆ. ಹೊಸ ರಸಕ್ಕೆ ಅದನ್ನು ನಿಧಾನವಾಗಿ ಬಿಟ್ಟುಕೊಡುತ್ತವೆ. ಕೂಡಲೇ ರುಚಿ ನೋಡಿ ‘ಸಪ್ಪೆಯಾಯಿತು’ ಎಂದು ಮತ್ತೆ ಉಪ್ಪು ಹಾಕಿದರೆ ಮಾಡಿದ್ದೆಲ್ಲ ವ್ಯರ್ಥ. ತೆಗೆದಿಟ್ಟ ರಸವನ್ನು ಚೆಲ್ಲಬೇಕಿಲ್ಲ. ಫ್ರಿಜ್‌ನಲ್ಲಿಟ್ಟು, ಮರುದಿನ ಉಪ್ಪಿಲ್ಲದೆ ಬೇಯಿಸಿದ ಬೇಳೆಗೆ ಬೆರೆಸಿದರೆ ಇನ್ನೊಂದು ಹೊತ್ತಿನ ಸಾರಾಗುತ್ತದೆ.

ಉಪ್ಪು, ಹುಳಿ, ಖಾರ ಮೂರೂ ಒಟ್ಟಿಗೆ ಕೆಟ್ಟಿದ್ದರೆ ಯಾವಾಗಲೂ ಉಪ್ಪಿನಿಂದಲೇ ಶುರುಮಾಡಿ. ಬೇಳೆ, ನೀರು ಸೇರಿದಾಗ ಉಳಿದೆರಡೂ ತಾವಾಗಿಯೇ ಇಳಿಯುತ್ತವೆ. ಆ ಮೊದಲೇ ಬೆಲ್ಲ ಹಾಕಿದ್ದರೆ ಕೊನೆಗೆ ಉಳಿಯುವುದು ಸಿಹಿ ಸಾಂಬಾರ್.

ಹುಳಿಗೆ ಬೆಲ್ಲ, ಆದರೆ ಒಂದು ಮಿತಿಯವರೆಗೆ

ಚೆನ್ನಾಗಿ ಕುದಿಸಿದರೆ ಹುಳಿ ಇಳಿಯುತ್ತದೆ ಎನ್ನುವುದು ಅರ್ಧ ನಿಜ. ಕುದಿಸಿದಾಗ ಹೋಗುವುದು ಹುಣಸೆಯ ಹಸಿ ವಾಸನೆ. ಹುಳಿ ಎಲ್ಲಿಗೂ ಹೋಗದು, ನೀರು ಆರಿದಂತೆ ಏರುತ್ತದೆ. ಬೆಲ್ಲವೂ ಹುಳಿಯನ್ನು ತೆಗೆಯುವುದಿಲ್ಲ, ನಾಲಿಗೆಗೆ ತಿಳಿಯದಂತೆ ಮುಚ್ಚುತ್ತದೆ. ಆದರೆ ಊಟಕ್ಕೆ ಅಷ್ಟು ಸಾಕು. ಒಂದು ಲೀಟರಿಗೆ ಒಂದು ಟೀ ಚಮಚ ಪುಡಿಬೆಲ್ಲ ಹಾಕಿ, ಕರಗಿಸಿ, ನೋಡಿ. ಬೇಕಿದ್ದರೆ ಇನ್ನೊಂದು. ಮೂರನೆಯದಕ್ಕೆ ಕೈ ಹೋಗುವಂತಿದ್ದರೆ ಬೆಲ್ಲ ನಿಲ್ಲಿಸಿ, ಬೇಯಿಸಿದ ಬೇಳೆಯನ್ನೋ ರುಬ್ಬಿದ ತೆಂಗಿನಕಾಯಿಯನ್ನೋ ಸೇರಿಸಿ. ಬೇರೆಯಾಗಿ ಬೇಯಿಸಿದ ಸಿಹಿಗುಂಬಳದ ಹೋಳುಗಳೂ ಇಲ್ಲಿ ಚೆನ್ನಾಗಿ ಒದಗುತ್ತವೆ.

ಅಡುಗೆ ಸೋಡಾ ಹುಳಿಯನ್ನು ನಿಜವಾಗಿ ಕಡಿಮೆ ಮಾಡುತ್ತದೆ. ಆದರೂ ಅದು ಕೊನೆಯ ಅಸ್ತ್ರವಾಗಿರಲಿ. ಎರಡು ಬೆರಳಿಗೆ ಸಿಗುವ ಚಿಟಿಕೆ ಹಾಕಿದರೆ ನೊರೆ ಉಕ್ಕಿ ಇಳಿಯುತ್ತದೆ. ಅದಕ್ಕಿಂತ ಹೆಚ್ಚಾದರೆ ಸೋಪಿನ ರುಚಿ ಬರುತ್ತದೆ, ಅದಕ್ಕೆ ಪರಿಹಾರವಿಲ್ಲ. ಉಪ್ಪೂ ಹೆಚ್ಚಾಗಿರುವ ಪದಾರ್ಥಕ್ಕಂತೂ ಸೋಡಾ ಬೇಡವೇ ಬೇಡ.

ಮಜ್ಜಿಗೆ ಹುಳಿಯ ಲೆಕ್ಕ ಬೇರೆ. ಅಲ್ಲಿ ಮೊಸರೇ ಹುಳಿಯಾಗಿರುತ್ತದೆ. ಒಲೆ ಆರಿಸಿ, ಅರ್ಧ ಕಪ್ ಸಿಹಿ ಮೊಸರನ್ನೋ ಗಟ್ಟಿ ತೆಂಗಿನ ಹಾಲನ್ನೋ ಕಲಕಿ. ಮತ್ತೆ ಕುದಿಸಿದರೆ ಒಡೆಯುತ್ತದೆ.

ಖಾರ ಇರುವುದು ಎಣ್ಣೆಯಲ್ಲಿ

ಮೆಣಸಿನಕಾಯಿಯ ಖಾರ ನೀರಿನಲ್ಲಿ ಸರಿಯಾಗಿ ಕರಗದು, ಎಣ್ಣೆಯಲ್ಲಿ ಕರಗುತ್ತದೆ. ಹಾಗಾಗಿ ಸಾಗು, ಎಣ್ಣೆಗಾಯಿಯಂಥವು ಖಾರವಾದರೆ ಐದು ನಿಮಿಷ ಅಲ್ಲಾಡಿಸದೆ ಬಿಟ್ಟು, ಮೇಲೆ ತೇಲಿದ ಕೆಂಪೆಣ್ಣೆಯನ್ನು ಸೌಟಿನಿಂದ ತೆಗೆಯಿರಿ. ಆಮೇಲೆ ಲೀಟರಿಗೆ ಅರ್ಧ ಕಪ್ ಗಟ್ಟಿ ತೆಂಗಿನ ಹಾಲು ಸೇರಿಸಿ. ಇಡಿಯಾಗಿ ಹಾಕಿದ ಹಸಿಮೆಣಸು ಇನ್ನೂ ಒಡೆಯದೆ ತೇಲುತ್ತಿದ್ದರೆ ಅದನ್ನು ಮೊದಲು ಹೆಕ್ಕಿ ತೆಗೆಯಿರಿ. ಬಡಿಸುವಾಗ ಅನ್ನದ ಮೇಲೊಂದು ಚಮಚ ತುಪ್ಪ, ಪಕ್ಕದಲ್ಲಿ ಮೊಸರು ಇದ್ದರೆ ಬಾಯಿಯ ಉರಿ ಇಳಿಯುತ್ತದೆ. ಸುಡುಸುಡುವಾಗಿ ಬಡಿಸದೆ ಉಗುರುಬೆಚ್ಚಗೆ ಬಡಿಸಿದರೂ ವ್ಯತ್ಯಾಸ ಗೊತ್ತಾಗುತ್ತದೆ, ಏಕೆಂದರೆ ಬಿಸಿಯೂ ಖಾರವೂ ನಾಲಿಗೆಯಲ್ಲಿ ಒಂದೇ ಬಗೆಯ ಉರಿ ಹುಟ್ಟಿಸುತ್ತವೆ.

ಅಳತೆ ತಪ್ಪದೆಯೂ ಖಾರವಾಗಿದ್ದರೆ ಮೆಣಸಿನಕಾಯಿಯ ಡಬ್ಬಿ ನೋಡಿ. ಬ್ಯಾಡಗಿ ಇರಬೇಕಾದಲ್ಲಿ ಗುಂಟೂರು ಬಂದಿರಬಹುದು. ಎಂಟು ಬ್ಯಾಡಗಿ ರುಬ್ಬಿದರೆ ಬಣ್ಣ ಬರುತ್ತದೆ, ಎಂಟು ಗುಂಟೂರು ರುಬ್ಬಿದರೆ ಕಣ್ಣಲ್ಲಿ ನೀರು ಬರುತ್ತದೆ.

ಒಣ ಪಲ್ಯದಿಂದ ತೆಗೆಯಲು ರಸವೂ ಇಲ್ಲ, ಎಣ್ಣೆಯೂ ಇಲ್ಲ. ಉಪ್ಪಾಗಲಿ ಖಾರವಾಗಲಿ, ಅಲ್ಲಿ ಸೇರಿಸುವುದೊಂದೇ ದಾರಿ. ಹುರುಳಿಕಾಯಿ, ಎಲೆಕೋಸಿನ ಪಲ್ಯಕ್ಕೆ ತೆಂಗಿನ ತುರಿ, ಬೇಯಿಸಿದ ಹೆಸರುಬೇಳೆ ಹೊಂದುತ್ತವೆ. ಬದನೆಯ ಪಲ್ಯಕ್ಕೆ ಹುರಿದ ಶೇಂಗಾ ಪುಡಿ ಎರಡು ದೊಡ್ಡ ಚಮಚ ಉದುರಿಸಿ. ಬೆಂಡೆಕಾಯಿಗೆ ಹುರಿಗಡಲೆ ಪುಡಿಯೇ ಸರಿ, ಒದ್ದೆಯಾದದ್ದೇನು ಹಾಕಿದರೂ ಅದು ಲೋಳೆಯಾಗುತ್ತದೆ.